ಬೂಟು ತಿರುಗಿಸಿ ನೋಡಿ

ಮೇಲಿನಿಂದ ಎಲ್ಲವೂ ಒಂದೇ ಥರ. ಯಾವ ಆಟಕ್ಕೆ, ಯಾವ ನೆಲಕ್ಕೆ ಎಂಬುದು ಗೊತ್ತಾಗುವುದು ಸೋಲ್ ನೋಡಿದಾಗ. ದಾವಣಗೆರೆ, ಹರಿಹರದ ಮೈದಾನಗಳ ಮಣ್ಣಿನಲ್ಲಿ ಮೂಡುವ ಅಚ್ಚುಗಳನ್ನು ಓದುವ ಬಗೆ ಇಲ್ಲಿದೆ.

ಸ್ಪೋರ್ಟ್ಸ್ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ಬೂಟುಗಳಲ್ಲಿ ಯಾವುದು ಯಾವ ಆಟದ್ದು ಎಂದು ದೂರದಿಂದ ಹೇಳುವುದು ಈಗ ಕಷ್ಟ. ಹಿಂದೆ ಕ್ರಿಕೆಟ್ಟಿನದು ಬಿಳಿ, ಫುಟ್‌ಬಾಲಿನದು ಕಪ್ಪು, ಓಡುವವರಿಗೆ ಕ್ಯಾನ್ವಾಸು ಎಂಬ ಸುಲಭದ ಲೆಕ್ಕವಿತ್ತು. ಈಗ ಮೂರಕ್ಕೂ ಗಿಳಿಹಸಿರು, ಕಿತ್ತಳೆ, ನೀಲಿ. ಮೂರಕ್ಕೂ ಅದೇ ಜಾಲರಿ ಬಟ್ಟೆ, ಅದೇ ಲೇಸು. ಹೆಸರು ಕೇಳಿ ಕೊಳ್ಳೋಣವೆಂದರೆ ಅದೂ ಗೋಜಲು. ‘ಸ್ಟಡ್ಸ್ ಕೊಡಿ’ ಎಂದರೆ ಒಂದು ಅಂಗಡಿಯಲ್ಲಿ ಫುಟ್‌ಬಾಲಿನದು ಬರುತ್ತದೆ, ಪಕ್ಕದ ಅಂಗಡಿಯಲ್ಲಿ ಕ್ರಿಕೆಟ್ಟಿನ ರಬ್ಬರ್ ಗುಬುಟಿನದು ಬರುತ್ತದೆ. ‘ಸ್ಪೈಕ್ಸ್’ ಎಂದರೆ ಬೌಲರ್ ಹಾಕುವುದೂ ಹೌದು, ನೂರು ಮೀಟರ್ ಓಡುವವರು ಹಾಕುವುದೂ ಹೌದು. ಬೂಟನ್ನು ಕೈಗೆತ್ತಿಕೊಂಡು ಅಂಗಾತ ತಿರುಗಿಸಿದಾಗ ಮಾತ್ರ ಈ ಗೋಜಲು ಬಿಡುತ್ತದೆ.

ದಾವಣಗೆರೆಯ ಹೈಸ್ಕೂಲ್ ಮೈದಾನವಾಗಲಿ ಹರಿಹರದ ಗಾಂಧಿ ಮೈದಾನವಾಗಲಿ ಒಂದೇ ಆಟಕ್ಕೆ ಮೀಸಲಾದ ನೆಲವಲ್ಲ. ಬೆಳಿಗ್ಗೆ ವಾಕಿಂಗಿನವರು, ಓಡುವವರು. ರಜೆಯ ದಿನ ಟೆನಿಸ್ ಬಾಲ್ ಕ್ರಿಕೆಟ್ಟು. ಸಂಜೆ ಒಂದು ಮೂಲೆಯಲ್ಲಿ ಫುಟ್‌ಬಾಲು. ನಡುನಡುವೆ ಸಭೆ, ಸಮಾರಂಭ. ಹೀಗಾಗಿ ಮಳೆ ಬಂದು ಹೋದ ಮರುದಿನ ಇಂಥ ಮೈದಾನದ ಅಂಚಿನಲ್ಲಿ ಬಗ್ಗಿ ನೋಡಿದರೆ ಮೂರೂ ಬಗೆಯ ಅಚ್ಚುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಸೋಲ್ ಓದಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕ ಸಿಗದು. ಬೂಟಿನಲ್ಲಿ ಉಬ್ಬಿರುವುದು ನೆಲದಲ್ಲಿ ತಗ್ಗಾಗುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಮೈಭಾರ ನೆಲಕ್ಕೆ ಇಳಿದದ್ದು ಎಷ್ಟು ಜಾಗದಲ್ಲಿ? ಓಟದ ಬೂಟಿನಲ್ಲಿ ಅದು ಅಂಗಾಲಿನ ಬಹುಪಾಲು ಜಾಗಕ್ಕೆ ಹರಡಿರುತ್ತದೆ. ಪೂರ್ತಿ ಪಾದದ ಆಕಾರವೇ ಅಚ್ಚೊತ್ತುತ್ತದೆ. ಫುಟ್‌ಬಾಲ್ ಸ್ಟಡ್ಸ್‌ನಲ್ಲಿ ಹತ್ತು ಹದಿನಾಲ್ಕು ಗುಬುಟುಗಳ ಮೇಲೆ ನಿಲ್ಲುತ್ತದೆ. ಬೆರಳ ತುದಿಯಷ್ಟು ಅಗಲದ ಗುಂಡಿಗಳು ಮುಂದೊಂದು ಗುಂಪು, ಹಿಂದೊಂದು ಗುಂಪಾಗಿ ಕಾಣುತ್ತವೆ. ಕ್ರಿಕೆಟ್ ಸ್ಪೈಕ್ಸ್‌ನಲ್ಲಿ ಲೋಹದ ಮೊಳೆಗಳು ಮಣ್ಣಿಗೆ ಇಳಿದು ಬರಿಯ ತೂತುಗಳನ್ನು ಬಿಡುತ್ತವೆ. ಅಚ್ಚು, ಗುಂಡಿ, ತೂತು. ಉಳಿದದ್ದೆಲ್ಲ ಈ ಮೂರರ ವಿವರ.

ಓಟದ ಬೂಟಿನ ಮುಖ ಮುಂದಕ್ಕೆ

ಓಡುವವರು ಹೋಗುವುದು ಒಂದೇ ದಿಕ್ಕಿಗೆ. ಪಕ್ಕಕ್ಕೆ ಜಿಗಿಯುವುದು, ಥಟ್ಟನೆ ನಿಂತು ತಿರುಗುವುದು ಅವರಿಗೆ ಬೇಕಿಲ್ಲ. ಆದ್ದರಿಂದ ಓಟದ ಬೂಟಿನ ಅಡಿಯಲ್ಲಿ ನೆಲಕ್ಕೆ ಕಚ್ಚಿಕೊಳ್ಳುವ ಸಾಧನ ಕಡಿಮೆ, ಪೆಟ್ಟು ತಡೆಯುವ ಮೆತ್ತೆ ಹೆಚ್ಚು. ತಿರುಗಿಸಿ ನೋಡಿದರೆ ಎರಡು ಬಗೆಯ ವಸ್ತು ಕಾಣುತ್ತದೆ. ಮೆತ್ತಗಿನ, ಹಗುರವಾದ ಫೋಮ್ ಇಡೀ ಅಡಿಯನ್ನು ತುಂಬಿರುತ್ತದೆ. ಅದರ ಮೇಲೆ ಸವೆತ ಹೆಚ್ಚಾಗುವ ಕಡೆ ಮಾತ್ರ ಗಟ್ಟಿ ರಬ್ಬರಿನ ತುಂಡುಗಳನ್ನು ಅಂಟಿಸಿರುತ್ತಾರೆ. ಉಗುರಿನಿಂದ ಒತ್ತಿದರೆ ಫೋಮ್ ತಗ್ಗುತ್ತದೆ, ರಬ್ಬರ್ ತಗ್ಗುವುದಿಲ್ಲ.

ಇನ್ನು ಮೂರು ಗುರುತು. ಬೆರಳುಗಳ ಬುಡದ ಕೆಳಗೆ ಅಡ್ಡಕ್ಕೆ ಕೊರೆದ ಗೀರುಗಳಿರುತ್ತವೆ. ಬೂಟು ಅಲ್ಲೇ ಮಡಿಯಲಿ ಎಂದು. ಮೂಗು ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ. ಮೇಜಿನ ಮೇಲಿಟ್ಟರೆ ತುದಿ ನೆಲ ಮುಟ್ಟುವುದಿಲ್ಲ. ಹಿಮ್ಮಡಿಯ ಹಿಂಭಾಗವನ್ನು ಓರೆಯಾಗಿ ಕತ್ತರಿಸಿದಂತಿರುತ್ತದೆ, ಏಕೆಂದರೆ ಬಹಳ ಜನ ಓಡುವಾಗ ಮೊದಲು ನೆಲಕ್ಕೆ ತಾಗಿಸುವುದು ಹಿಮ್ಮಡಿಯ ಹೊರ ಅಂಚನ್ನು. ಹಳೆಯ ಬೂಟಿನಲ್ಲಿ ಮೊದಲು ಸವೆಯುವುದೂ ಅದೇ ಜಾಗ. ಹೊರ ಅಂಚು ಸವೆದಿದೆ ಎಂದ ಮಾತ್ರಕ್ಕೆ ನಡಿಗೆಯಲ್ಲಿ ದೋಷವಿದೆ ಎಂದು ಕೆಲವು ಅಂಗಡಿಯವರು ಹೆದರಿಸುವುದುಂಟು. ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ.

ಓಟದ ಬೂಟಿನ ಅಡಿಯ ಚಿತ್ತಾರಕ್ಕೆ ಒಂದು ಅಡುಗೆಮನೆಯ ಕಥೆ ಇದೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಓಟದ ತರಬೇತುದಾರ ಬಿಲ್ ಬೋವರ್‌ಮನ್ 1971ರಲ್ಲಿ ಮನೆಯ ವಾಫಲ್ ಕಾವಲಿಗೆ ರಬ್ಬರಿನಂಥ ದ್ರಾವಣ ಸುರಿದು, ಚೌಕಚೌಕವಾದ ಗುಬುಟುಗಳ ಸೋಲ್ ಮಾಡಲು ನೋಡಿದರು. ಕಾವಲಿ ಹಾಳಾಯಿತು, ಆಲೋಚನೆ ಉಳಿಯಿತು. 1974ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನೈಕಿ ಕಂಪನಿಯ ಹೆಸರಾಂತ ಓಟದ ಬೂಟೊಂದು ಹುಟ್ಟಿದ್ದು ಅದರಿಂದಲೇ. ಮೊಳೆಯಿಲ್ಲದೆ, ಬೇರೆ ಬೇರೆ ನೆಲಗಳ ಮೇಲೆ ಓಡಬಲ್ಲ ಬೂಟು ಬೇಕೆಂಬುದು ಬೋವರ್‌ಮನ್ ಹಟವಾಗಿತ್ತು. ಇಂದಿಗೂ ಕೆಲವು ಬೂಟುಗಳ ಅಡಿಯಲ್ಲಿ ಆ ಚೌಕಗಳನ್ನು ನೋಡಬಹುದು.

ಕಣ್ಣು ತಪ್ಪುವುದು ಗುಡ್ಡಗಾಡಿನಲ್ಲಿ ಓಡುವ ಬೂಟಿನ ವಿಷಯದಲ್ಲಿ. ಅದಕ್ಕೂ ನಾಲ್ಕೈದು ಮಿಲಿಮೀಟರ್ ಎತ್ತರದ ಗುಬುಟುಗಳಿರುತ್ತವೆ, ಫುಟ್‌ಬಾಲಿನದೇ ಎನಿಸಿಬಿಡುತ್ತದೆ. ಅಂಗಾಲಿನ ನಡುವನ್ನು ನೋಡಿ. ಗುಡ್ಡದ ಬೂಟಿನಲ್ಲಿ ನಡುವಿಗೂ ಗುಬುಟು ಹಬ್ಬಿರುತ್ತದೆ. ಅಲ್ಲದೆ ಆ ಗುಬುಟುಗಳಿಗೆ ಬಾಣದಂಥ ದಿಕ್ಕಿರುತ್ತದೆ: ಮುಂಗಾಲಿನವು ಒಂದು ಕಡೆಗೆ, ಹಿಮ್ಮಡಿಯವು ಅದರ ಎದುರಿಗೆ. ಒಂದು ಹತ್ತುವಾಗ ಹಿಡಿಯಲು, ಇನ್ನೊಂದು ಇಳಿಯುವಾಗ ತಡೆಯಲು.

ಫುಟ್‌ಬಾಲಿನ ಖಾಲಿ ನಡು

ಫುಟ್‌ಬಾಲ್ ಸ್ಟಡ್ಸ್‌ನ ಅಡಿ ಹಾಗಲ್ಲ. ಅದು ಒಂದೇ ಗಟ್ಟಿ ಪ್ಲಾಸ್ಟಿಕ್ ಫಲಕ. ಗುಬುಟುಗಳು ಅದರಿಂದಲೇ ಎದ್ದಿರುತ್ತವೆ. ನಡುವಿನಲ್ಲಿ, ಅಂಗಾಲಿನ ಕಮಾನಿನ ಕೆಳಗೆ, ಏನೂ ಇರುವುದಿಲ್ಲ. ಒಣ ಹುಲ್ಲಿನ ನೆಲಕ್ಕೆಂದು ಮಾಡಿದ್ದರಲ್ಲಿ ಹತ್ತರಿಂದ ಹದಿನಾಲ್ಕು ಗುಬುಟು. ಕೆಲವು ಗುಂಡಗೆ, ಕೆಲವು ಅಲಗಿನಂತೆ ಚಪ್ಪಟೆ. ಒದ್ದೆ ನೆಲದ ಬೂಟಿನಲ್ಲಿ ಹಳೆಯ ಪದ್ಧತಿಯಂತೆ ಮುಂದೆ ನಾಲ್ಕು, ಹಿಂದೆ ಎರಡು, ಒಟ್ಟು ಆರೇ ಆರು. ಅವು ಉದ್ದ, ಬಿಚ್ಚಿ ಹಾಕುವಂಥವು, ತುದಿ ಹಲವು ವೇಳೆ ಲೋಹದ್ದು. ಕಡಿಮೆ ಗುಬುಟೆಂದರೆ ಒಂದೊಂದರ ಮೇಲೂ ಹೆಚ್ಚು ಭಾರ. ಹೆಚ್ಚು ಭಾರವೆಂದರೆ ಮಣ್ಣಿಗೆ ಹೆಚ್ಚು ಆಳ. ಕೃತಕ ಹುಲ್ಲಿನದರಲ್ಲಿ ಗುಬುಟು ಗಿಡ್ಡ, ಸಂಖ್ಯೆ ಹೆಚ್ಚು. ಸೂತ್ರ ನೆನಪಿಡುವುದು ಸುಲಭ: ನೆಲ ಮೆತ್ತಗಾದಷ್ಟೂ ಗುಬುಟು ಉದ್ದ ಮತ್ತು ಕಡಿಮೆ, ನೆಲ ಗಟ್ಟಿಯಾದಷ್ಟೂ ಗಿಡ್ಡ ಮತ್ತು ಹೆಚ್ಚು.

ಬಿಚ್ಚಿ ಹಾಕುವ ಗುಬುಟು ಜಗತ್ತಿನ ಕಣ್ಣಿಗೆ ಬಿದ್ದದ್ದು 1954ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ. ಮಳೆಗೆ ನೆಲ ಕೆಸರಾಗಿತ್ತು. ಪಶ್ಚಿಮ ಜರ್ಮನಿಯ ಆಟಗಾರರ ಬೂಟುಗಳಿಗೆ ಅಡಿಡಾಸ್ ಕಂಪನಿಯ ಸ್ಥಾಪಕ ಆದಿ ಡಾಸ್ಲರ್ ತಿರುಪಿನ ಗುಬುಟುಗಳನ್ನು ಮಾಡಿಕೊಟ್ಟಿದ್ದರು. ನೆಲಕ್ಕೆ ತಕ್ಕಂತೆ ಉದ್ದದವನ್ನು ತೊಡಿಸಿದರು. ಎರಡು ಗೋಲುಗಳ ಹಿನ್ನಡೆಯಲ್ಲಿದ್ದ ತಂಡ 3-2ರಿಂದ ಹಂಗೇರಿಯನ್ನು ಸೋಲಿಸಿತು. ಗೆಲುವಿನ ಪೂರ್ತಿ ಪಾಲನ್ನು ಗುಬುಟಿಗೆ ಕೊಡುವುದು ಕಂಪನಿಯ ಜಾಹೀರಾತಿಗೆ ಚೆಂದ, ಆಟಗಾರರಿಗೆ ಅನ್ಯಾಯ.

ನಮ್ಮವರ ಕಥೆ ಬೇರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಆಡಿದ ಭಾರತ ತಂಡದ ಹೆಚ್ಚಿನವರು ಬರಿಗಾಲಲ್ಲಿದ್ದರು. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದ ಮುಂಪಡೆಯಲ್ಲಿದ್ದರು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10-1ರಿಂದ ಸೋಲಿಸಿದಾಗ ನಮ್ಮ ಆ ಒಂದು ಗೋಲು ಹೊಡೆದವರೂ ಅವರೇ. ಆ ಸೋಲಿನ ನಂತರವೇ ಭಾರತೀಯ ಫುಟ್‌ಬಾಲಿನಲ್ಲಿ ಬೂಟು ಕಡ್ಡಾಯವಾಯಿತು.

ಫುಟ್‌ಬಾಲ್ ಬೂಟಿನ ತುದಿಯನ್ನೂ ಒಮ್ಮೆ ನೋಡಿ. ಹೆಬ್ಬೆರಳಿನ ಮುಂಚೂಣಿಯಲ್ಲಿ, ನಟ್ಟನಡುವೆ, ಒಂಟಿ ಗುಬುಟು ಇರುವುದಿಲ್ಲ. ಚೆಂಡಿನ ಅಡಿಗೆ ಕಾಲು ತೂರಿಸುವಾಗ ಅದು ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಹಳೆಯ ಬೂಟುಗಳ ರಾಶಿಯಲ್ಲಿ ಹಾಗೆ ಮೂಗಿನಲ್ಲೇ ಗುಬುಟಿರುವ ಜೋಡಿ ಸಿಕ್ಕರೆ ಅದು ಬೇಸ್‌ಬಾಲಿನದಿರಬಹುದು.

ಕ್ರೀಸಿನಲ್ಲಿ ಉಳಿಯುವ ಸಾಕ್ಷಿ

ದಾವಣಗೆರೆಗೆ ಕ್ರಿಕೆಟ್ ಎಂದರೆ ಆರ್. ವಿನಯ್ ಕುಮಾರ್. ಈ ಊರಿನಲ್ಲಿ 1984ರಲ್ಲಿ ಹುಟ್ಟಿ, ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾಗಿ, 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ಬೆನ್ನುಬೆನ್ನಿಗೆ ರಣಜಿ ಟ್ರೋಫಿ ತಂದ ನಾಯಕ, ಬಲಗೈ ಮಧ್ಯಮ ವೇಗಿ. ಬೌಲರ್ ಬೂಟು ಬೇರೆಲ್ಲ ಬೂಟುಗಳಿಗಿಂತ ಯಾಕೆ ಬೇರೆ ಎಂಬುದಕ್ಕೆ ಇಂಥ ಬಲಗೈ ವೇಗಿಯ ಎರಡೇ ಎರಡು ಹೆಜ್ಜೆಗಳನ್ನು ನೋಡಿದರೆ ಸಾಕು.

ಓಡಿ ಬಂದು ಜಿಗಿದ ಬಲಗೈ ಬೌಲರ್ ಮೊದಲು ಇಳಿಯುವುದು ಬಲಗಾಲಿನ ಮೇಲೆ, ಬೌಲಿಂಗ್ ಕ್ರೀಸಿನ ಹತ್ತಿರ. ಮರುಕ್ಷಣ ಎಡಗಾಲು ಪಾಪಿಂಗ್ ಕ್ರೀಸಿನ ಮೇಲೆ ದಪ್ಪೆಂದು ಬೀಳುತ್ತದೆ. ಆಗ ಆ ಒಂದು ಕಾಲಿಗೆ ಬರುವ ಪೆಟ್ಟು ವೇಗದ ಬೌಲರ್‌ಗಳಲ್ಲಿ ಮೈತೂಕದ ಐದಾರು ಪಟ್ಟು. ಮುಂದಕ್ಕೆ ನುಗ್ಗುತ್ತಿರುವ ಮೈಯನ್ನು ಆ ಕಾಲು ಜಾರದೆ ತಡೆದರೆ ಮಾತ್ರ ಕೈಯಿಂದ ಚೆಂಡು ವೇಗವಾಗಿ ಹೋಗುತ್ತದೆ. ಅದೇ ಹೊತ್ತಿಗೆ ಹಿಂದಿನ ಬಲಗಾಲಿನ ತುದಿ ನೆಲವನ್ನು ಕೆರೆಯುತ್ತಾ ಎಳೆದುಕೊಂಡು ಬರುತ್ತದೆ.

ಇದಕ್ಕೇ ಲೋಹದ ಮೊಳೆ. ರೋಲರ್ ಹಾಯಿಸಿ ಕಲ್ಲಿನಂತಾದ ಪಿಚ್‌ನಲ್ಲಿ ಫುಟ್‌ಬಾಲಿನ ದಪ್ಪ ಗುಬುಟು ಇಳಿಯುವುದೇ ಇಲ್ಲ, ಮೇಲೆಯೇ ನಿಂತುಬಿಡುತ್ತದೆ. ಸಣ್ಣ ಮೊನೆಯ ಮೊಳೆ ಮಾತ್ರ ಚುಚ್ಚಿಕೊಂಡು ಇಳಿಯುತ್ತದೆ. ಬೌಲರ್ ಬೂಟನ್ನು ತಿರುಗಿಸಿದರೆ ಸಾಮಾನ್ಯವಾಗಿ ಮುಂಗಾಲಿನಲ್ಲಿ ಏಳು, ಹಿಮ್ಮಡಿಯಲ್ಲಿ ನಾಲ್ಕು, ಒಟ್ಟು 11 ಮೊಳೆ. ಕಂಪನಿಯಿಂದ ಕಂಪನಿಗೆ ಒಂದೆರಡು ಹೆಚ್ಚುಕಡಿಮೆ. ಒಂದೊಂದೂ ಸುಮಾರು ಒಂದು ಸೆಂಟಿಮೀಟರ್. ಮೊಳೆಯ ಬುಡದ ತಟ್ಟೆಯಲ್ಲಿ ಎರಡು ಸಣ್ಣ ರಂಧ್ರಗಳಿರುತ್ತವೆ. ಬೂಟಿನ ಜೊತೆ ಕೊಡುವ ಎರಡು ಹಲ್ಲಿನ ಕೀಲಿಯನ್ನು ಅದಕ್ಕೆ ಕೂರಿಸಿ ತಿರುಗಿಸಿದರೆ ಮೊಳೆ ಬಿಚ್ಚಿಕೊಳ್ಳುತ್ತದೆ. ಆ ಎರಡು ರಂಧ್ರ ಕಂಡರೆ ಅದು ಬಿಚ್ಚಿ ಹಾಕುವ ಕ್ರಿಕೆಟ್ ಮೊಳೆ ಎಂದು ಬಹುಪಾಲು ನಂಬಬಹುದು.

ಬ್ಯಾಟ್ಸ್‌ಮನ್‌ಗಳು, ಸ್ಪಿನ್ನರ್‌ಗಳು ಹಲವರು ಹಾಕುವುದು ಹಾಫ್ ಸ್ಪೈಕ್ಸ್: ಮುಂದೆ ಲೋಹದ ಮೊಳೆ, ಹಿಮ್ಮಡಿಯಲ್ಲಿ ರಬ್ಬರ್ ಗುಬುಟು. ಅವರಿಗೆ ಹಿಮ್ಮಡಿಗೆ ಆ ಪರಿಯ ಹಿಡಿತ ಬೇಡ. ಮೊಳೆ ಆಳಕ್ಕೆ ಇಳಿದರೆ ಕಾಲನ್ನು ತಿರುವುವುದು ಕಷ್ಟವಾಗುತ್ತದೆ.

ಈಗ ಒಂದು ಜೋಡಿ ಹಳೆಯ ಬೌಲರ್ ಬೂಟು ನಿಮ್ಮ ಕೈಗೆ ಸಿಕ್ಕಿದೆ, ಯಾರದು ಎಂದು ಗೊತ್ತಿಲ್ಲ ಎಂದುಕೊಳ್ಳಿ. ಬಲಗಾಲಿನ ಬೂಟಿನ ತುದಿ ನೋಡಿ. ಅಲ್ಲಿ ಚರ್ಮ ಕೆರೆದು ಬೆಳ್ಳಗಾಗಿದ್ದರೆ, ಅಥವಾ ತುದಿಗೆ ಹೆಚ್ಚುವರಿ ರಬ್ಬರ್ ಪಟ್ಟಿ ಅಂಟಿಸಿದ್ದರೆ, ಆ ಕಾಲು ಎಳೆಯುವ ಕಾಲು. ಎಡ ಬೂಟಿನ ತುದಿ ಸರಿಯಾಗಿದ್ದು, ಹಿಮ್ಮಡಿಯ ಮೊಳೆಗಳು ಬಲ ಬೂಟಿನವಕ್ಕಿಂತ ಮೊಂಡಾಗಿದ್ದರೆ, ಅದು ದಪ್ಪೆಂದು ಇಳಿಯುವ ಕಾಲು. ಎರಡೂ ಸೇರಿದರೆ ಬಲಗೈ ವೇಗಿಯ ಬೂಟು. ಎಡಗೈ ಬೌಲರ್ ಆದರೆ ಎಲ್ಲವೂ ಅದಲುಬದಲು. ಎರಡೂ ಬೂಟಿನ ತುದಿ ಹೊಸದರಂತಿದ್ದು, ಮುಂಗಾಲಿನ ಮೊಳೆಗಳಷ್ಟೇ ಸವೆದಿದ್ದರೆ ಅವನು ಬೌಲ್ ಮಾಡಿದವನೇ ಅಲ್ಲದಿರಬಹುದು. ನಾನ್-ಸ್ಟ್ರೈಕರ್ ತುದಿಯಿಂದ ಓಡಿ ಓಡಿ ಸಿಮೆಂಟ್ ಮೆಟ್ಟಿಲ ಮೇಲೂ ಅದನ್ನೇ ಹಾಕಿಕೊಂಡು ಓಡಾಡಿದವನಿರಬಹುದು. ಮೊಳೆಯನ್ನು ಬೇಗ ಮೊಂಡು ಮಾಡುವುದು ಪಿಚ್ ಅಲ್ಲ, ಪೆವಿಲಿಯನ್ನಿನ ಸಿಮೆಂಟು.

ಬೂಟೇ ಇಲ್ಲದೆ ನೆಲವನ್ನಷ್ಟೇ ನೋಡಿಯೂ ಇದನ್ನು ಹೇಳಬಹುದು. ಬಲಗೈ ಬೌಲರ್ ವಿಕೆಟ್‌ನ ಮೇಲಿಂದ ಬೌಲ್ ಮಾಡಿದಾಗ ಚೆಂಡು ಬಿಟ್ಟ ನಂತರದ ಹೆಜ್ಜೆಗಳು ಅವನ ಎಡಕ್ಕೆ ಹೋಗುತ್ತವೆ. ಮೊಳೆಗಳು ಕಿತ್ತು ಎಬ್ಬಿಸಿದ ಆ ಒರಟು ಜಾಗ, ಅದೇ ತುದಿಯಲ್ಲಿ ಬ್ಯಾಟ್ ಹಿಡಿದು ನಿಲ್ಲುವ ಎಡಗೈ ಆಟಗಾರನ ಆಫ್ ಸ್ಟಂಪಿನ ಹೊರಗೆ ಬೀಳುತ್ತದೆ. ಟೆಸ್ಟ್ ಪಂದ್ಯದ ನಾಲ್ಕನೇ ದಿನ ಆಫ್ ಸ್ಪಿನ್ನರ್ ಎಡಗೈ ಆಟಗಾರನಿಗೆ ಅಲ್ಲಿಗೇ ಚೆಂಡು ಹಾಕಲು ಹವಣಿಸುವುದು ಇದಕ್ಕೇ. ಪಿಚ್ ಹಾಳಾಗದಿರಲೆಂದು ನಿಯಮವೂ ಇದೆ. ಪಾಪಿಂಗ್ ಕ್ರೀಸಿನಿಂದ ಐದು ಅಡಿ ಮುಂದಕ್ಕೆ ಶುರುವಾಗಿ, ನಡುಗೆರೆಯ ಎರಡೂ ಬದಿಗೆ ಒಂದೊಂದು ಅಡಿ ಅಗಲದ ಪಟ್ಟಿಯ ಮೇಲೆ ಬೌಲರ್ ಓಡುವಂತಿಲ್ಲ. ಓಡಿದರೆ ಅಂಪೈರ್ ಎರಡು ಸಲ ಎಚ್ಚರಿಸುತ್ತಾರೆ, ಮೂರನೆಯ ಸಲವೂ ಓಡಿದರೆ ಆ ಇನಿಂಗ್ಸ್‌ನಲ್ಲಿ ಬೌಲಿಂಗ್‌ನಿಂದಲೇ ತೆಗೆಯುತ್ತಾರೆ. ಓಟದ ಬೂಟಿಗಾಗಿ ಯಾರೂ ಇಂಥ ನಿಯಮ ಬರೆಯುತ್ತಿರಲಿಲ್ಲ.

ಮೋಸಹೋಗುವ ಜಾಗಗಳು

ಇಷ್ಟು ಗೊತ್ತಾದ ಮೇಲೂ ಒಂದು ಗುಂಪು ಕಾಡುತ್ತದೆ. ಕ್ರಿಕೆಟ್ಟಿನ ರಬ್ಬರ್ ಬೂಟು, ಫುಟ್‌ಬಾಲಿನ ಟರ್ಫ್ ಬೂಟು, ಹಾಕಿಯ ಬೂಟು. ಮೂರರ ಅಡಿಯಲ್ಲೂ ಗಿಡ್ಡ ರಬ್ಬರ್ ಗುಬುಟುಗಳು ತುಂಬಿರುತ್ತವೆ, ಮೂರೂ ನೆಲದಲ್ಲಿ ಹೆಚ್ಚುಕಡಿಮೆ ಒಂದೇ ಥರದ ಅಚ್ಚು ಬಿಡುತ್ತವೆ. ಅಚ್ಚನ್ನಷ್ಟೇ ನೋಡಿ ಇದು ಇಂಥದ್ದೇ ಎಂದು ಆಣೆ ಮಾಡುವವರನ್ನು ನಂಬಬೇಡಿ. ಬೂಟು ಕೈಯಲ್ಲಿದ್ದರೆ ಮಾತ್ರ ಬೇರೆ ಮಾಡಬಹುದು. ಫುಟ್‌ಬಾಲಿನದು ತೆಳು, ಒದೆಯುವ ಭಾಗದ ಮೇಲೆ ಹೊಲಿಗೆ ಕಡಿಮೆ, ಹಿಮ್ಮಡಿ ತಗ್ಗು. ಕ್ರಿಕೆಟ್ಟಿನದಕ್ಕೆ ಓಟದ ಬೂಟಿನಂಥ ದಪ್ಪ ಮೆತ್ತೆ. ಹಾಕಿಯದಕ್ಕೆ ತುದಿಯಲ್ಲಿ ದಪ್ಪ ರಬ್ಬರ್ ಹೊದಿಕೆ, ಚೆಂಡಿನ ಪೆಟ್ಟಿಗೂ ನೆಲಕ್ಕೆ ಉಜ್ಜುವುದಕ್ಕೂ.

ಎರಡನೆಯ ಗೊಂದಲ ಮೊಳೆಯದು. ಓಟಗಾರರ ಟ್ರ್ಯಾಕ್ ಸ್ಪೈಕ್ಸ್‌ನಲ್ಲೂ ಲೋಹದ ಮೊಳೆಯಿದೆ, ಗರಿಷ್ಠ 11 ಎಂಬ ನಿಯಮವೂ ಇದೆ. ಸಂಖ್ಯೆ ಎಣಿಸಿದರೆ ಕ್ರಿಕೆಟ್ಟಿನದಕ್ಕೆ ಸರಿಹೋಗಿಬಿಡಬಹುದು. ಎಣಿಸುವ ಬದಲು ಹಿಮ್ಮಡಿ ನೋಡಬೇಕು. ವೇಗದ ಓಟಗಾರ ಹಿಮ್ಮಡಿ ಊರುವುದೇ ಅಪರೂಪ, ಆದ್ದರಿಂದ ಅವನ ಮೊಳೆಗಳೆಲ್ಲ ಮುಂಗಾಲಿನಲ್ಲೇ, ಹಿಮ್ಮಡಿ ನುಣುಪು. ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಆ ಮೊಳೆ 9 ಮಿಲಿಮೀಟರ್ ಮೀರುವಂತಿಲ್ಲ. ಎತ್ತರ ಜಿಗಿತ ಮತ್ತು ಜಾವೆಲಿನ್‌ಗೆ ಮಾತ್ರ 12ರವರೆಗೆ ಬಿಟ್ಟಿದ್ದಾರೆ, ಮತ್ತು ಆ ಎರಡರ ಬೂಟುಗಳಲ್ಲಿ ಹಿಮ್ಮಡಿಗೂ ಮೊಳೆ ಇರುತ್ತದೆ. ಜಾವೆಲಿನ್ ಎಸೆಯುವವರು ಎಡಗಾಲನ್ನು ದಪ್ಪೆಂದು ಊರಿ ಮೈಯನ್ನು ತಡೆಯುವುದು ಥೇಟ್ ಬೌಲರ್‌ನಂತೆಯೇ. ಕೆಲಸ ಒಂದೇ ಆದ್ದರಿಂದ ಸೋಲೂ ಒಂದೇ ಥರ. ಇಲ್ಲಿ ಅನುಭವಸ್ಥರೂ ತಡಬಡಾಯಿಸುತ್ತಾರೆ.

ಮೂರನೆಯದು ಮಣ್ಣಿನ ಚೇಷ್ಟೆ. ದಾವಣಗೆರೆ ಸುತ್ತಿನ ಎರೆ ಮಣ್ಣು ಹಸಿಯಿದ್ದಾಗ ಅಚ್ಚನ್ನು ಸೊಗಸಾಗಿ ಹಿಡಿಯುತ್ತದೆ, ಆದರೆ ಒಣಗುತ್ತ ಕುಗ್ಗುತ್ತದೆ, ಬಿರಿಯುತ್ತದೆ. ಮಧ್ಯಾಹ್ನದ ಬಿಸಿಲಿನ ನಂತರ ಅಳೆದ ಹೆಜ್ಜೆ ಬೆಳಿಗ್ಗೆ ಬಿದ್ದದ್ದಕ್ಕಿಂತ ಚಿಕ್ಕದಾಗಿರುತ್ತದೆ. ಇದೇ ಮಣ್ಣು ಗುಬುಟುಗಳ ನಡುವೆ ಮೆತ್ತಿಕೊಂಡು ಗಟ್ಟಿಯಾಗಿಬಿಟ್ಟರೆ ಫುಟ್‌ಬಾಲ್ ಬೂಟೂ ಚಪ್ಪಟೆ ಅಚ್ಚನ್ನೇ ಬಿಡುತ್ತದೆ, ಓಟದ ಬೂಟೋ ಎನ್ನುವಂತೆ. ನದಿ ಬದಿಯ ಮರಳು ಮಿಶ್ರಿತ ನೆಲದಲ್ಲಿ ತದ್ವಿರುದ್ಧ: ಮೊಳೆ ಎತ್ತಿದ ಕೂಡಲೇ ತೂತು ಮುಚ್ಚಿಹೋಗುತ್ತದೆ. ಹೀಗೆ ಅನುಮಾನ ಬಂದಾಗ ಒಂದೇ ಹೆಜ್ಜೆಯ ಮುಂದೆ ಕೂತು ತಲೆ ಕೆರೆದುಕೊಳ್ಳುವ ಬದಲು ಸಾಲಾಗಿ ನಾಲ್ಕೈದು ಹೆಜ್ಜೆ ನೋಡಬೇಕು. ಓಡಿದವನ ಸಾಲು ನೇರ. ಫುಟ್‌ಬಾಲಿನವನ ಸಾಲಿನಲ್ಲಿ ಎಲ್ಲೋ ಒಂದು ಕಡೆ ತಿರುಚಿದ ಗುಂಡಿಗಳು, ಪಕ್ಕಕ್ಕೆ ಕಿತ್ತ ಹುಲ್ಲು ಸಿಕ್ಕೇ ಸಿಗುತ್ತದೆ. ಬೌಲರ್‌ನ ಹೆಜ್ಜೆಗಳು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಬಿದ್ದು ಒಂದೇ ಜಾಗದಲ್ಲಿ ಕುಳಿ ತೋಡಿರುತ್ತವೆ.

ಸಾರಥಿಯ ಹುಡುಗನಿಗೆ ಯಾವುದು?

ಇನ್ನು ಕೊಳ್ಳುವ ಮಾತು. ಹರಿಹರ ತಾಲ್ಲೂಕಿನ ಸಾರಥಿಯ ಹದಿನಾಲ್ಕರ ಹುಡುಗನೊಬ್ಬ, ಭತ್ತ ಕೊಯ್ದ ಗದ್ದೆಯಲ್ಲಿ ಟೆನಿಸ್ ಬಾಲಿನಲ್ಲಿ ಬೌಲ್ ಮಾಡಿ ಬೆಳೆದವನು, ದಾವಣಗೆರೆಯಲ್ಲಿ ಕೋಚಿಂಗಿಗೆ ಸೇರುತ್ತಾನೆ ಎಂದುಕೊಳ್ಳೋಣ. ಅಪ್ಪ ಅವನನ್ನು ಅಂಗಡಿಗೆ ಕರೆದುಕೊಂಡು ಬರುತ್ತಾರೆ. ಹುಡುಗ ಟೀವಿಯಲ್ಲಿ ನೋಡಿದ ಫುಲ್ ಸ್ಪೈಕ್ಸ್ ಕೇಳುತ್ತಾನೆ. ಅಂಗಡಿಯವರು ‘ಇದು ಎಲ್ಲಕ್ಕೂ ಆಗುತ್ತೆ ಅಣ್ಣಾ’ ಎಂದು ಕಡಿಮೆ ಬೆಲೆಯ ಫುಟ್‌ಬಾಲ್ ಸ್ಟಡ್ಸ್ ಮುಂದಿಡುತ್ತಾರೆ.

ಎರಡೂ ಬೇಡ. ಫುಟ್‌ಬಾಲ್ ಸ್ಟಡ್ಸ್ ಯಾಕೆ ಬೇಡವೆಂದರೆ, ನಮ್ಮ ಮೈದಾನಗಳು ವರ್ಷದ ಹೆಚ್ಚು ಕಾಲ ಒಣಗಿ ಗಟ್ಟಿಯಾಗಿರುತ್ತವೆ, ಕೆಲವು ಕಡೆ ಗರಸು. ಗುಬುಟು ನೆಲಕ್ಕೆ ಇಳಿಯದೆ ಇದ್ದಾಗ ಅದು ಒತ್ತುವುದು ಮೇಲಕ್ಕೆ, ಅಂಗಾಲಿಗೆ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯ ಎಲುಬಿನ ಬೆಳವಣಿಗೆಯ ಜಾಗ ಇನ್ನೂ ಮೆತ್ತಗಿರುತ್ತದೆ; ಗಟ್ಟಿ ನೆಲ, ತೆಳು ಬೂಟು, ಜೊತೆಗೆ ದಿನವೂ ಜಿಗಿತ ಸೇರಿದರೆ ಅಲ್ಲಿ ನೋವು ಹಿಡಿಯುತ್ತದೆ. ಫುಟ್‌ಬಾಲ್ ಬೂಟಿನ ಹಿಮ್ಮಡಿಯಲ್ಲಿ ಮೆತ್ತೆ ಇಲ್ಲವೆನ್ನುವಷ್ಟು ಕಡಿಮೆ. ಹೆಬ್ಬೆರಳಿನಿಂದ ಒಳಗಿನಿಂದ ಒತ್ತಿ ನೋಡಿದರೆ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಫುಲ್ ಸ್ಪೈಕ್ಸ್ ಯಾಕೆ ಬೇಡವೆಂದರೆ, ಹೊಸಬರಿಗೆ ಅಭ್ಯಾಸ ಸಿಗುವುದು ಹೆಚ್ಚಾಗಿ ಮ್ಯಾಟ್ ಮೇಲೆ ಅಥವಾ ಸಿಮೆಂಟ್ ಪಿಚ್ ಮೇಲೆ. ಮ್ಯಾಟ್ ಮೇಲೆ ಮೊಳೆ ನಾರಿಗೆ ಸಿಕ್ಕಿಕೊಳ್ಳುತ್ತದೆ, ಮ್ಯಾಟ್ ಹರಿಯುತ್ತದೆ, ಕಾಲು ಸಿಕ್ಕಿಬಿದ್ದರೆ ಮಂಡಿ ತಿರುಚುತ್ತದೆ. ಕೋಚ್‌ಗಳು ಬಿಡುವುದೂ ಇಲ್ಲ. ಸಿಮೆಂಟ್ ಮೇಲೆ ಜಾರುತ್ತದೆ. ಆದ್ದರಿಂದ ಮೊದಲ ಜೋಡಿ ಕ್ರಿಕೆಟ್ಟಿನ ರಬ್ಬರ್ ಬೂಟು. ತಿರುಗಿಸಿದಾಗ ಗುಬುಟುಗಳು ಹಿಮ್ಮಡಿಯಿಂದ ತುದಿಯವರೆಗೆ ಹರಡಿರಬೇಕು, ನಡುವೆ ಖಾಲಿ ಪಟ್ಟಿ ಕಡಿಮೆ ಇರಬೇಕು. ಎರಡೂ ಕೈಯಲ್ಲಿ ಹಿಡಿದು ಮಡಿಸಿದರೆ ಬೆರಳುಗಳ ಬುಡದಲ್ಲಿ ಮಡಿಯಬೇಕು, ನಡುವಿನಲ್ಲಲ್ಲ. ಓಟದ ಬೂಟೇ ಸಾಲದೇ ಎಂದು ಅಪ್ಪ ಕೇಳಿದರೆ, ಮೊದಲ ಕೆಲವು ವಾರಕ್ಕೆ ಸಾಕು. ಆದರೆ ಬೌಲ್ ಮಾಡುವಾಗ ಎಡಗಾಲು ಊರಿದ ಕ್ಷಣದಲ್ಲಿ ಆ ದಪ್ಪ ಫೋಮ್ ಪಕ್ಕಕ್ಕೆ ವಾಲುತ್ತದೆ, ಹುಲ್ಲಿನ ಮೇಲೆ ಫೀಲ್ಡಿಂಗಿಗೆ ತಿರುಗುವಾಗ ಜಾರುತ್ತದೆ. ಅದರ ಅಡಿ ಮುಂದಕ್ಕೆ ಹೋಗುವವರಿಗೆಂದು ಮಾಡಿದ್ದು, ನಿಂತು ತಡೆಯುವವರಿಗಲ್ಲ.

ಟರ್ಫ್ ವಿಕೆಟ್‌ನ ಪಂದ್ಯಗಳಿಗೆ ಹೆಸರು ಬಂದಾಗ ಸ್ಪೈಕ್ಸ್ ಕೊಳ್ಳಲಿ. ಅಷ್ಟು ಹೊತ್ತಿಗೆ ಅವನ ಬಲ ಬೂಟಿನ ತುದಿ ಸವೆದಿದೆಯೇ ಎಂದು ನೋಡಿದರೆ ಕಾಲೆಳೆಯುವ ಬೌಲರೋ ಅಲ್ಲವೋ ತಿಳಿದಿರುತ್ತದೆ. ಎಳೆಯುವವನಾದರೆ ತುದಿಗೆ ರಬ್ಬರ್ ಕಾಪು ಇರುವ ಜೋಡಿಯನ್ನೇ ಆರಿಸಬೇಕು. ಅಂಗಡಿಯಲ್ಲೇ ಕೀಲಿ ಕೇಳಿ ಒಂದೆರಡು ಮೊಳೆಗಳನ್ನು ಬಿಚ್ಚಿ ಹಾಕಿಸಿ ನೋಡಿ. ತಿರುಪು ಸಲೀಸಾಗಿ ಕೂರದಿದ್ದರೆ ಆ ಜೋಡಿ ಬಿಟ್ಟುಬಿಡಿ, ಏಕೆಂದರೆ ಓರೆಯಾಗಿ ಕೂತ ಮೊಳೆ ಪಂದ್ಯದ ನಡುವೆ ಕಳಚಿ ಪಿಚ್‌ನಲ್ಲೇ ಉಳಿಯುತ್ತದೆ. ಖಾಲಿಯಾದ ಕುಳಿಗೆ ಮಣ್ಣು ತುಂಬಿ ಗಟ್ಟಿಯಾದರೆ ಹೊಸ ಮೊಳೆ ಹಿಡಿಯುವುದೂ ಇಲ್ಲ. ಆಟ ಮುಗಿದ ಮೇಲೆ ಒಣ ಬ್ರಷ್‌ನಿಂದ ಕೆರೆದು, ತಿಂಗಳಿಗೊಮ್ಮೆ ಎಲ್ಲ ಮೊಳೆಗಳನ್ನೂ ಬಿಚ್ಚಿ, ತಿರುಪಿಗೆ ತುಸು ಎಣ್ಣೆ ಸವರಿ ಮತ್ತೆ ಹಾಕಬೇಕು. ಬದಲಿ ಮೊಳೆ ಕೊಳ್ಳಲು ಹೋಗುವಾಗ ಹಳೆಯದೊಂದನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಹೋಗಿ. ತಿರುಪಿನ ಅಳತೆ ಎಲ್ಲ ಕಂಪನಿಗಳಲ್ಲೂ ಒಂದೇ ಇರುವುದಿಲ್ಲ.